ಹಾಡಿನಲ್ಲಿ ಪದ ನೋಡಬೇಡಿ, ಪದದ ಬಾಲ ನೋಡಿ

'ಚುಟು ಚುಟು ಅಂತೈತಿ' ಹಾಡು ಬಂದ ಮೇಲೆ ಎಲ್ಲರೂ ಒಂದೇ ಮಾತು ಹೇಳೋಕೆ ಶುರು ಮಾಡಿದರು. ಈಗಿನ ಸಿನಿಮಾದವರಿಗೆ ಆಡುಮಾತು ಸಿಕ್ಕಿದೆ, ಮೊದಲೆಲ್ಲ ಹಾಡುಗಳು ಪುಸ್ತಕದ ಕನ್ನಡದಲ್ಲೇ ಇದ್ದವು ಅಂತ. ನಾನು ಇದನ್ನು ಒಪ್ಪುವುದಿಲ್ಲ. ಆಡುಮಾತು ನಮ್ಮ ಸಿನಿಮಾ ಹಾಡಿಗೆ ಬಂದು ಬಹಳ ವರ್ಷವಾಯಿತು. ಆದರೆ ಅದನ್ನು ಹಾಡುವ ಹಕ್ಕು ಯಾವ ಪಾತ್ರಕ್ಕಿತ್ತು ಅನ್ನುವುದು ಮಾತ್ರ ಬದಲಾಗುತ್ತಾ ಬಂದಿದೆ.

1974ರ 'ಸಂಪತ್ತಿಗೆ ಸವಾಲ್' ತಗೊಳ್ಳಿ. ಉತ್ತರ ಕರ್ನಾಟಕದ ಕಂಪನಿ ನಾಟಕಗಳಿಗೆ ಬರೆಯುತ್ತಿದ್ದ ಪಿ.ಬಿ. ಧುತ್ತರಗಿಯವರ ನಾಟಕದಿಂದ ಬಂದ ಕಥೆ ಅದು. ನಾಯಕ ಹಳ್ಳಿಯವನು, ಎಮ್ಮೆ ಮೇಲೆ ಕೂತು ಹಾಡುತ್ತಾನೆ. ಆದರೆ ಹಾಡುವುದು ಏನನ್ನ? 'ನಿನ್ನ ನೆಮ್ಮದಿಗೆ ಭಂಗವಿಲ್ಲ' ಅಂತ. ಎಮ್ಮೆ ಕಾಯುವವನು ಯಾವ ಊರಲ್ಲಾದರೂ ಎಮ್ಮೆಗೆ 'ಭಂಗವಿಲ್ಲ' ಅನ್ನುತ್ತಾನಾ? ಇದು ಹಾಡು ಬರೆದ ಚಿ. ಉದಯಶಂಕರ್ ಅವರ ತಪ್ಪು ಅಂತ ಹೇಳುತ್ತಿಲ್ಲ, ಹಾಡು ನನಗೂ ಬಾಯಿಪಾಠ. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಅರ್ಥವಾಗಬೇಕು ಅಂದರೆ ಯಾರ ಮನೆಯ ಮಾತೂ ಅಲ್ಲದ ಕನ್ನಡವೇ ಸುರಕ್ಷಿತ ಅನ್ನುವ ನಂಬಿಕೆ ಆಗ ಗಟ್ಟಿಯಾಗಿತ್ತು. ಕೇಳುವವರು ಅದನ್ನು ಪ್ರೀತಿಯಿಂದಲೇ ಕೇಳಿದರು. ಹುಬ್ಬಳ್ಳಿಯವರೂ ಕೇಳಿದರು, ತಮ್ಮ ಮಾತು ಅದರಲ್ಲಿ ಇಲ್ಲದಿದ್ದರೂ.

ನಾಲ್ಕೇ ವರ್ಷಕ್ಕೆ, 1978ರಲ್ಲಿ, 'ಪರಸಂಗದ ಗೆಂಡೆತಿಮ್ಮ' ಬಂತು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ದೊಡ್ಡರಂಗೇಗೌಡರ ಹಾಡು, ರಾಜನ್-ನಾಗೇಂದ್ರ ಸಂಗೀತ. ನನ್ನ ಪ್ರಕಾರ ನಮ್ಮ ಸಿನಿಮಾ ಹಾಡಿನ ಭಾಷೆ ತಿರುಗಿದ್ದು ಇಲ್ಲಿಯೇ. 'ತೇರಾ ಏರಿ ಅಂಬರದಾಗೆ' ಅನ್ನುವ ಸಾಲನ್ನು ಬಿಡಿಸಿ ನೋಡಿ. ತೇರು, ಅಂಬರ, ಆಮೇಲೆ ಬರುವ ನೇಸರು, ಇವೆಲ್ಲ ಕವಿತೆಯ ಪದಗಳೇ. ಅಂಬರವಂತೂ ಸಂಸ್ಕೃತದಿಂದ ಬಂದದ್ದು. ಹಳ್ಳಿಯದು ಇರುವುದು ಬಾಲದಲ್ಲಿ ಮಾತ್ರ: 'ಅಂಬರದಲ್ಲಿ' ಅಲ್ಲ, 'ಅಂಬರದಾಗೆ'. ಮುಂದಿನ 'ತೂಗ್ಯಾವೆ', 'ಹಾಡ್ಯಾವೆ' ಕೂಡ ಹಾಗೆಯೇ. ತೂಗು, ಹಾಡು ಎಲ್ಲರಿಗೂ ಗೊತ್ತು, '-ಯಾವೆ' ಮಾತ್ರ ಊರಿನದು. ದೊಡ್ಡರಂಗೇಗೌಡರು ತುಮಕೂರು ಜಿಲ್ಲೆ ಮಧುಗಿರಿ ಕಡೆಯವರು. ಆ ಕಡೆ ಕಿವಿ ಕೊಟ್ಟವರಿಗೆ ಈ ಬಾಲಗಳ ಪರಿಚಯ ಇದ್ದೇ ಇರುತ್ತದೆ.

ಇದು ಬಹಳ ಜಾಣತನದ ದಾರಿ. ಪದವೇ ಹೊಸದಾದರೆ ಕೇಳುಗ ಅಲ್ಲೇ ನಿಂತುಬಿಡುತ್ತಾನೆ, ಅರ್ಥ ಹುಡುಕುತ್ತಾನೆ. ಬಾಲ ಹೊಸದಾದರೆ ಅರ್ಥ ಕೆಡುವುದಿಲ್ಲ, ಆದರೆ ಹಾಡುವವನು ಯಾರು ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ದೊಡ್ಡ ವಿಷಯ, ಇಲ್ಲಿ ಹಾಡುವವನು ಕುಡುಕನೂ ಅಲ್ಲ, ಹಾಸ್ಯದ ಪಾತ್ರವೂ ಅಲ್ಲ. ಜಿ.ಪಿ. ರಾಜರತ್ನಂ 1930ರ ದಶಕದಲ್ಲೇ ಆಡುಮಾತಿನಲ್ಲಿ ಅದ್ಭುತವಾದ ಪದ್ಯ ಬರೆದರು, ಆದರೆ ಅದನ್ನು ಹಾಡಲು ಹೆಂಡ ಕುಡಿದ ರತ್ನ ಬೇಕಾಯಿತು. ಗೆಂಡೆತಿಮ್ಮ ಮಾತ್ರ ಬೆಳಗ್ಗೆ ಎದ್ದು, ಸೂರ್ಯನನ್ನು ನೋಡಿ, ಖುಷಿಯಿಂದ ಹಾಡಿದ. ಕೇಳಿದವರು ನಗಲಿಲ್ಲ, ಜೊತೆಗೆ ಹಾಡಿದರು.

ಉತ್ತರ ಕರ್ನಾಟಕದ ಮಾತು ಬೇರೆ ಬಾಗಿಲಿನಿಂದ ಬಂತು. 1990ರಲ್ಲಿ ನಾಗಾಭರಣ 'ಸಂತ ಶಿಶುನಾಳ ಶರೀಫ' ಮಾಡಿದಾಗ ಹಾಡುಗಳೆಲ್ಲ ಶರೀಫರವೇ, ಸಂಗೀತ ಸಿ. ಅಶ್ವತ್ಥ್. 'ಮನೆಯ ಮಾಳಿಗಿ' ಅನ್ನುವಲ್ಲಿ ಕೊನೆಯ 'ಇ' ಗಮನಿಸಿ. ಮಾಳಿಗೆ ಅಲ್ಲ, ಮಾಳಿಗಿ. ಏಳು ವರ್ಷ ಬಿಟ್ಟು 'ನಾಗಮಂಡಲ'ಕ್ಕೆ ಗೋಪಾಲ ವಾಜಪೇಯಿ 'ಕಂಬದಾ ಮ್ಯಾಲಿನ ಗೊಂಬೆಯೇ' ಬರೆದರು. ಮೊದಲನೆಯದು ಸಂತನ ಬಾಯಲ್ಲಿ, ಎರಡನೆಯದು ಜಾನಪದ ಕಥೆಯ ಹೆಣ್ಣಿನ ಬಾಯಲ್ಲಿ. ಅಂದರೆ ಧಾರವಾಡದ ಕಡೆಯ ಮಾತಿಗೆ ಇನ್ನೂ ಒಂದು ಕಾರಣ ಬೇಕಿತ್ತು. ಪ್ಯಾಂಟು ಹಾಕಿದ ಹುಡುಗ ಇವತ್ತಿನ ಹುಡುಗಿಗೆ 'ಮ್ಯಾಲ' ಅಂತ ಹಾಡುವುದಕ್ಕೆ ಇನ್ನೂ ಕಾಲ ಹಿಡಿಯಿತು.

2012ರ 'ಡ್ರಾಮಾ' ಹೊತ್ತಿಗೆ ಪದಗಳೇ ನೇರವಾಗಿ ಒಳಗೆ ಬಂದವು. 'ತುಂಡ್ ಹೈಕ್ಳ ಸಾವಾಸ' ಹಾಡಿನಲ್ಲಿ ಯೋಗರಾಜ್ ಭಟ್ಟರು ಮಂಡ್ಯ ಕಡೆಯ 'ಹೈಕ್ಳು' ಅನ್ನು ಹಾಗೇ ಇಟ್ಟರು. ಅರ್ಥ ಹೇಳುವ ಗೋಜಿಗೇ ಹೋಗಲಿಲ್ಲ.

ಇದರ ಹಿಂದೆ ಟ್ಯೂನಿನ ಲೆಕ್ಕವೂ ಇದೆ, ಅದನ್ನು ಯಾರೂ ಮಾತಾಡುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ಬರೆಯುವವರು ಮಾತ್ರೆಗೆ ಪದ ಕೂರಿಸಬೇಕು. 'ಅನ್ನುತ್ತದೆ' ನಾಲ್ಕು ಅಕ್ಷರ, ಆರು ಮಾತ್ರೆ. 'ಅಂತೈತಿ' ಮೂರು ಅಕ್ಷರ, ಐದು ಮಾತ್ರೆ, ಅದರಲ್ಲೂ ಮೊದಲ ಎರಡು ಗುರು. ತಮಟೆ ಏಟಿಗೆ ಇದು ಸರಿಯಾಗಿ ಬೀಳುತ್ತದೆ. 'ತುಂಡ್ ಹೈಕ್ಳ' ಕೂಡ ಅಷ್ಟೇ, ಸ್ವರ ನುಂಗಿ ವ್ಯಂಜನಕ್ಕೆ ವ್ಯಂಜನ ಡಿಕ್ಕಿ ಹೊಡೆಯುತ್ತದೆ. ಎಳೆದು ಹಾಡುವ ಮೆಲೊಡಿಗೆ ಮಾತ್ರ ಸ್ವರದಲ್ಲಿ ಮುಗಿಯುವ ಪುಸ್ತಕದ ಕನ್ನಡ ಹಿತ. ಆಡುಮಾತು ಕುಣಿತದ ಹಾಡಿಗೇ ಜಾಸ್ತಿ ಬರುವುದಕ್ಕೆ ಇದೂ ಒಂದು ಕಾರಣ. ಆದರೆ ಇದೊಂದೇ ಕಾರಣ ಅಂತ ಯಾರಾದರೂ ಹೇಳಿದರೆ ನಾನು ಗೆಂಡೆತಿಮ್ಮನನ್ನೇ ಮುಂದಿಡುತ್ತೇನೆ. ಅಲ್ಲಿ '-ದಾಗೆ' ಎಷ್ಟು ಚೆಂದ ಎಳೆದು ಹಾಡಿಸಿಕೊಂಡಿದೆ ಕೇಳಿ.

ಈಗ 'ಚುಟು ಚುಟು'ಗೆ ಬರುತ್ತೇನೆ. 2018ರ 'ರ‍್ಯಾಂಬೋ 2', ಹಾಡಿದವರು ಜಾನಪದ ಗಾಯಕ ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್. ಯೂಟ್ಯೂಬಿನಲ್ಲಿ 10 ಕೋಟಿ ದಾಟಿದ ಹಾಡು. ಇದನ್ನು ಕೇಳುವವರನ್ನು ಸಿನಿಮಾ ಹುಟ್ಟಿಸಲಿಲ್ಲ. ಉತ್ತರ ಕರ್ನಾಟಕದಲ್ಲಿ ಜಾನಪದ ಹಾಡಿನ ಕ್ಯಾಸೆಟ್ಟು, ಸಿಡಿ, ಜಾತ್ರೆಯ ಸ್ಟೇಜು, ಆಮೇಲೆ ಟ್ರ್ಯಾಕ್ಟರಿಗೆ ಕಟ್ಟಿದ ಸ್ಪೀಕರು, ಹೀಗೆ ಒಂದು ದೊಡ್ಡ ಲೋಕ ಮೊದಲೇ ಇತ್ತು. ಗಾಂಧಿನಗರ ಆ ಲೋಕದ ಹತ್ತಿರ ತಡವಾಗಿ ಹೋಯಿತು. ಹಂಚಿಕೆದಾರರ ಲೆಕ್ಕದಲ್ಲಿ 'ಬಿಕೆಟಿ', ಅಂದರೆ ಬೆಂಗಳೂರು, ಕೋಲಾರ, ತುಮಕೂರು, ಯಾವಾಗಲೂ ದೊಡ್ಡ ಏರಿಯಾ. ಆ ಲೆಕ್ಕ ನೋಡಿಕೊಂಡು ಬರೆಯುವಾಗ ಬಾಗಲಕೋಟೆಯ ಕಿವಿ ಯಾರಿಗೂ ನೆನಪಾಗುತ್ತಿರಲಿಲ್ಲ. ಯೂಟ್ಯೂಬಿಗೆ ಏರಿಯಾ ಇಲ್ಲ. ಅಲ್ಲಿ ಬಾಗಲಕೋಟೆಯ ಒಂದು ಕ್ಲಿಕ್ಕೂ ಬಸವನಗುಡಿಯ ಒಂದು ಕ್ಲಿಕ್ಕೂ ಒಂದೇ.

ಮತ್ತೆ ಮಂಡ್ಯದ ಹುಡುಗರೂ ಮದುವೆ ಮನೆಯಲ್ಲಿ 'ಅಂತೈತಿ'ಗೆ ಕುಣಿದರು, ತಮ್ಮದು 'ಐತೆ' ಆದರೂ. ಹಾಗಾಗಿ 'ಜನಕ್ಕೆ ಅರ್ಥ ಆಗಲ್ಲ' ಅನ್ನುವ ಹಳೇ ಮಾತನ್ನು ನಾನು ನಂಬುವುದಿಲ್ಲ. ಜನಕ್ಕೆ ಯಾವತ್ತೂ ಅರ್ಥವಾಗುತ್ತಿತ್ತು. ಹೆದರಿಕೆ ಇದ್ದದ್ದು ಬರೆಸುವವರಿಗೆ.

ನನ್ನ ಸಿಟ್ಟು ಇರುವುದು ಆಮೇಲಿನ ನಕಲುಗಳ ಮೇಲೆ. ಒಂದು ಸಾಲಿಗೆ 'ಐತಿ' ಹಚ್ಚಿ, ಮುಂದಿನ ಸಾಲಲ್ಲಿ 'ಮನೆಯಲ್ಲಿ' ಅಂತ ಬರೆದುಬಿಡುತ್ತಾರೆ. 'ಐತಿ' ಅನ್ನುವವರ ಬಾಯಲ್ಲಿ ಅದು 'ಮನ್ಯಾಗ' ಆಗಬೇಕು. ಮನೆ 'ಮನಿ' ಆಗಬೇಕು, ಮೇಲೆ 'ಮ್ಯಾಲ' ಆಗಬೇಕು. ಇವು ಮೂರೂ ಒಟ್ಟಿಗೆ ಬರುತ್ತವೆ, ಒಂದನ್ನು ಮಾತ್ರ ತಂದರೆ ಅಲ್ಲಿನವರಿಗೆ ಮೊದಲ ಸಾಲಿಗೇ ಗೊತ್ತಾಗುತ್ತದೆ. ಹಾಗೆಯೇ ಕಲಬುರಗಿ, ಬೀದರ ಕಡೆಯ 'ಅದ' ಬಿಟ್ಟು ಎಲ್ಲ ಉತ್ತರದವರಿಗೂ ಒಂದೇ 'ಐತಿ' ಹೊದಿಸುವುದು. ಕುಂದಾಪುರ ಕಡೆಯ ಮಾತಿನ ಕಥೆಯೇ ಬೇರೆ, ಅದಕ್ಕೆ ಇನ್ನೊಂದು ಬರಹ ಬೇಕು.

ನನಗೆ ಬೇಕಾದದ್ದು ಇಷ್ಟು: ಕಲಬುರಗಿಯ ಹುಡುಗನೊಬ್ಬ, ಕುಣಿತ ಇಲ್ಲದೆ, ಹಾಸ್ಯ ಇಲ್ಲದೆ, ನಿಧಾನದ ಪ್ರೇಮಗೀತೆಯಲ್ಲಿ 'ಅದ' ಅಂತ ಹಾಡಬೇಕು, ಆ ಹಾಡನ್ನು ಮೈಸೂರಿನವರು ಗುನುಗಬೇಕು. ಅಂಥ ಹಾಡು ನಿಮಗೆ ಗೊತ್ತಿದ್ದರೆ ಕೆಳಗೆ ಹಾಕಿ. ಬರೆದವರ ಹೆಸರನ್ನೂ ಹಾಕಿ.