ಸತ್ಯಾಂಶ: ನೀರೋ, ದಾರವೋ?

"ವಾಟರ್ ಫ್ಲಾಸರ್ ತಗೊಂಡ್ರೆ ಸಾಕು, ಹಲ್ಲಿನ ದಾರ ಬಿಸಾಕಿ." ಪುಣೆಯ ನಮ್ಮ ಕನ್ನಡ ಗುಂಪಿಗೆ ಬಂದ ಫಾರ್ವರ್ಡ್ ಇದು. ಹಲ್ಲಿನ ಸಂದಿಗೆ ನೀರು ಚಿಮ್ಮಿಸಿ ತೊಳೆಯುವ ಪುಟ್ಟ ಯಂತ್ರವೇ ವಾಟರ್ ಫ್ಲಾಸರ್.

ಅರ್ಧ ನಿಜ. ವಸಡಿನಿಂದ ರಕ್ತ ಬರುವುದನ್ನು ಕಡಿಮೆ ಮಾಡುವುದರಲ್ಲಿ ನೀರು ದಾರಕ್ಕೆ ಸಮ, ಕೆಲವು ಅಧ್ಯಯನಗಳಲ್ಲಿ ಮೇಲು. ಆದರೆ ಎರಡು ಹಲ್ಲು ಒತ್ತಿಕೊಂಡಿರುವ ಜಾಗದಲ್ಲಿ ಪಾಚಿ ಅಂಟಂಟಾಗಿ ಕೂತಿರುತ್ತದೆ. ಅದನ್ನು ಉಜ್ಜಿ ತೆಗೆಯಲು ದಾರವೇ ಬೇಕು.

ಕೊಥ್ರೂಡ್‌ನಲ್ಲಿ ನಮ್ಮ ಪಕ್ಕದ ಮನೆ ಹುಡುಗಿಗೆ ಹಲ್ಲಿಗೆ ಕ್ಲಿಪ್ ಹಾಕಿದ್ದಾರೆ. ತಂತಿಯ ಕೆಳಗೆ ದಾರ ತೂರಿಸಿ ತೂರಿಸಿ ಬೇಸತ್ತು ಬಿಟ್ಟೇಬಿಟ್ಟಳು. ವಸಡು ಊದಿ ಕೆಂಪಾಯಿತು. ಈಗ ಫ್ಲಾಸರ್‌ಗೆ ಉಗುರುಬೆಚ್ಚಗಿನ ನೀರು ತುಂಬಿ, ಒತ್ತಡ ಕಡಿಮೆ ಇಟ್ಟು, ಸಿಂಕಿನ ಮೇಲೆ ಬಗ್ಗಿ, ಮೊನೆಯನ್ನು ವಸಡಿನ ಅಂಚಿಗೆ ನೇರ ಹಿಡಿಯುತ್ತಾಳೆ. ಪ್ರತಿ ಸಂದಿಯಲ್ಲೂ ಒಂದು ಕ್ಷಣ ನಿಲ್ಲುತ್ತಾಳೆ. ಇಂಥವರಿಗೇ ಇದರ ಲಾಭ ಜಾಸ್ತಿ. ಬ್ರಿಡ್ಜ್, ಇಂಪ್ಲಾಂಟ್ ಇರುವವರಿಗೂ, ಬೆರಳು ಬಿಗಿದು ದಾರ ಹಿಡಿಯಲಾಗದ ಅಜ್ಜಿಯರಿಗೂ ಅಷ್ಟೇ.

ಮೊದಲ ದಿನಗಳಲ್ಲಿ ಸ್ವಲ್ಪ ರಕ್ತ ಬಂದರೆ ಹೆದರಬೇಡಿ, ಊದಿದ ವಸಡು ಹಾಗೇನೇ. ಎರಡು ವಾರವಾದರೂ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಿ. ಕಲ್ಲಿನಂತೆ ಗಟ್ಟಿಯಾದ ಪಾಚಿ ನೀರಿಗೂ ಹೋಗಲ್ಲ, ದಾರಕ್ಕೂ ಹೋಗಲ್ಲ. ಅದನ್ನು ಅವರೇ ತೆಗೆಯಬೇಕು.