ಮುಂದಿನ ಬೀಟ್ ಎಲ್ಲಿ?

ಬ್ಯಾಂಡಿನವರೆಲ್ಲ ಒಂದೇ ವೇಗದಲ್ಲಿ ನುಡಿಸಲೆಂದು ಅವರ ಕಿವಿಗೆ ಕೇಳಿಸುವ ಕ್ಲಿಕ್ ಟ್ರ್ಯಾಕ್ ಮಾಡುವುದರಲ್ಲಿ ಏನಿದೆ ಮಹಾ, ಟಕ್ ಟಕ್ ಅಂತ ಸಮನಾಗಿ ಬಡಿದರೆ ಆಯ್ತಲ್ಲ ಎನ್ನುವವರು ಬಹಳ. ವೇಗ ಬದಲಾಗದ, ಉದ್ದಕ್ಕೂ ನಾಲ್ಕು ನಾಲ್ಕರಲ್ಲೇ ಹೋಗುವ ಹಾಡಾದರೆ ಅವರ ಮಾತು ನಿಜ. ಮೊಬೈಲಿನ ಮೆಟ್ರೊನೋಮ್ ಸಾಕು. ತಾಳ ಒಂದು ಸಲ ಮುರಿದು, ವೇಗ ಒಂದು ಸಲ ಇಳಿದು, ಆಮೇಲೆ ಒಮ್ಮೆಲೇ ಓಡುವ ಹಾಡು ಬಂದಾಗ ಮಾತ್ರ ಕೂತು ಯೋಚಿಸಬೇಕಾಗುತ್ತದೆ.

ಯಾಕೆಂದರೆ ನುಡಿಸುವವರು ಕ್ಲಿಕ್ ಕೇಳಿಸಿಕೊಂಡ ಮೇಲೆ ನುಡಿಸುವುದಿಲ್ಲ. ಕೇಳಿ ಆಮೇಲೆ ಕೈ ಇಳಿಸಿದರೆ ಆಗಲೇ ತಡ. ಹಿಂದಿನ ಎರಡು ಕ್ಲಿಕ್‌ಗಳ ನಡುವಿನ ಅಂತರವನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಮುಂದಿನದು ಇಂಥಲ್ಲೇ ಬೀಳುತ್ತದೆ ಎಂದು ನಂಬಿ ಕೈ ಇಳಿಸುತ್ತಾರೆ. ಅಂದರೆ ಪ್ರತಿ ಕ್ಲಿಕ್ಕೂ ಮುಂದಿನ ಬೀಟ್ ಎಲ್ಲಿ ಎಂದು ಹೇಳುವ ಸುಳಿವು. ವೇಗ ಬದಲಾಗುವ ಜಾಗದಲ್ಲಿ ಆ ಸುಳಿವು ಸುಳ್ಳು ಹೇಳುತ್ತದೆ. ಅಲ್ಲೇ ಐದು ಜನ ಐದು ಕಡೆ ಹೋಗುತ್ತಾರೆ.

ಒಂದು ಹಾಡನ್ನೇ ತೆಗೆದುಕೊಳ್ಳೋಣ. ಮೊದಲ 16 ಬಾರ್, ಅಂದರೆ ತಾಳದ 16 ಸುತ್ತು, 4/4, ಸುತ್ತಿಗೆ ನಾಲ್ಕು ಬೀಟ್. ವೇಗ ನಿಮಿಷಕ್ಕೆ 96 ಬೀಟ್. 17ರಿಂದ 24ರವರೆಗೆ 7/8, ಬಾರಿಗೆ ಏಳು ಅರ್ಧ ಬೀಟು. 25ರಿಂದ 28ರವರೆಗೆ ಮತ್ತೆ 4/4, ಆದರೆ 96ರಿಂದ 60ಕ್ಕೆ ನಿಧಾನವಾಗಿ ಇಳಿಯಬೇಕು. 29ರ ಮೊದಲ ಬೀಟಿನಲ್ಲಿ ಒಂದು ಸ್ವರವನ್ನು ಎಳೆದು ಹಿಡಿಯಬೇಕು. ಆಮೇಲೆ 120ರಲ್ಲಿ ಕೊನೆಯ ಭಾಗ.

ಮೊದಲ 16 ಬಾರ್‌ಗಳಲ್ಲಿ ಮಾಡುವುದಕ್ಕೆ ಹೆಚ್ಚೇನಿಲ್ಲ. ಒಂದೇ ಮಾತು: ಬಾರಿನ ಮೊದಲ ಬೀಟಿಗೆ ಒತ್ತು ಕೊಡುವಾಗ ಸದ್ದನ್ನು ಜೋರು ಮಾಡಿ ಸುಮ್ಮನಾಗಬೇಡಿ, ಅದರ ಶ್ರುತಿಯನ್ನೂ ಏರಿಸಿ. ಡ್ರಮ್ಸ್ ಶುರುವಾದ ಮೇಲೆ ಜೋರು, ಮೆಲ್ಲ ಎನ್ನುವ ವ್ಯತ್ಯಾಸ ಅಳಿಸಿಹೋಗುತ್ತದೆ. ಚೂಪಾದ ದನಿ, ಮಂದ ದನಿ ಎನ್ನುವ ವ್ಯತ್ಯಾಸ ಉಳಿಯುತ್ತದೆ.

ಕಷ್ಟ ಶುರುವಾಗುವುದು 17ನೇ ಬಾರಿನಲ್ಲಿ. ಎಷ್ಟೋ ಸಾಫ್ಟ್‌ವೇರ್‌ಗಳು 7/8 ಎಂದ ಕೂಡಲೇ ಒಂದು ಒತ್ತು, ಆರು ಸಾದಾ ಕ್ಲಿಕ್ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಆ ಏಳನ್ನು ಎಣಿಸಿಕೊಂಡು ನುಡಿಸುವುದು ಯಾರಿಗೂ ಸುಲಭವಲ್ಲ. ಈ ಹಾಡಿನ ಏಳು 2, 2, 3 ಎಂದು ಒಡೆಯುತ್ತದೆ. ಬಾಯಲ್ಲಿ ಹೇಳಿದರೆ ತಕ ತಕ ತಕಿಟ. ಹಾಗಾಗಿ ಕ್ಲಿಕ್‌ನಲ್ಲೂ ಮೂರು ಮಟ್ಟ ಬೇಕು. ಒಂದನೆಯದಕ್ಕೆ ಎತ್ತರದ ದನಿ, ಮೂರು ಮತ್ತು ಐದನೆಯದಕ್ಕೆ ನಡುವಿನದು, ಉಳಿದವಕ್ಕೆ ಮೆಲ್ಲನೆಯದು. ಇಷ್ಟು ಮಾಡಿದರೆ ಏಳನ್ನು ಎಣಿಸುವ ಕೆಲಸವೇ ಇಲ್ಲ. ಕಿವಿಗೆ ಮೂರೇ ಬೀಟು, ಕೊನೆಯದು ಸ್ವಲ್ಪ ಉದ್ದ, ಅಷ್ಟೇ. ಗಿಟಾರ್‌ನವರು 3, 2, 2 ಎಂದು ನುಡಿಸುತ್ತಿದ್ದರೆ ಅದೂ ಇಲ್ಲೇ ಸಿಕ್ಕಿಬೀಳುತ್ತದೆ. ಜಗಳ ಆಗುವುದಿದ್ದರೆ ರಿಹರ್ಸಲ್‌ಗೆ ಮುಂಚೆಯೇ ಆಗಲಿ ಬಿಡಿ.

ಇಲ್ಲಿ ಇನ್ನೊಂದು ಗುಂಡಿ ಇದೆ. 4/4ರ ಅರ್ಧ ಬೀಟು 7/8ರಲ್ಲಿ ಒಂದು ಎಣಿಕೆಯಾಗುತ್ತದೆ, ಅದರ ವೇಗ ಬದಲಾಗಬಾರದು. ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ 96 ಹಾಗೇ ಇದ್ದರೆ ಸಾಕು. ಆದರೆ ಕೆಲವು ಮೆಟ್ರೊನೋಮ್ ಆ್ಯಪ್‌ಗಳು ಆ ಏಳರಲ್ಲಿ ಪ್ರತಿಯೊಂದನ್ನೂ ಪೂರ್ತಿ ಬೀಟು ಎಂದುಕೊಳ್ಳುತ್ತವೆ. ಅಲ್ಲಿ 192 ಎಂದು ಕೊಡಬೇಕು. ಸರಿಯಾಗಿದೆಯಾ ಎಂದು ನೋಡುವುದು ಸುಲಭ. 96ರಲ್ಲಿ ಒಂದು ಬೀಟ್ 0.625 ಸೆಕೆಂಡ್, ಅರ್ಧ ಬೀಟ್ ಅದರ ಅರ್ಧ, ಅಂಥ ಏಳು ಸೇರಿದರೆ ಸುಮಾರು 2.2 ಸೆಕೆಂಡ್. ನಿಮ್ಮ 7/8 ಬಾರ್ ನಾಲ್ಕು ಸೆಕೆಂಡ್ ದಾಟಿದರೆ ಹಾಡು ಅರ್ಧ ವೇಗದಲ್ಲಿ ತೆವಳುತ್ತಿದೆ ಎಂದರ್ಥ.

ಇನ್ನು ವೇಗ ಇಳಿಸುವುದು. ಸಾಫ್ಟ್‌ವೇರಿನಲ್ಲಿ ವೇಗವನ್ನು ಗೆರೆಯಾಗಿ ಬರೆಯುವ ಟೆಂಪೋ ಟ್ರ್ಯಾಕಿನಲ್ಲಿ 25ರ ಶುರುವಿಗೆ 96, 28ರ ಕೊನೆಗೆ 60 ಎಂದು ಎರಡು ಬಿಂದು ಇಟ್ಟು ನೇರ ಗೆರೆ ಎಳೆದುಬಿಡಬಹುದು. ಗಣಿತಕ್ಕೆ ಅದು ಸರಿ, ಕಿವಿಗೆ ಅಲ್ಲ. ಮನುಷ್ಯರು ನಿಧಾನ ಮಾಡುವಾಗ ಮೊದಮೊದಲು ಗೊತ್ತಾಗದಷ್ಟೇ ಇಳಿಸಿ, ಕೊನೆಗೆ ಜಾಸ್ತಿ ಇಳಿಸುತ್ತಾರೆ. ಅದಕ್ಕೇ ನಡುವೆ ಒಂದು ಬಿಂದು ಸೇರಿಸಿ: ಮೊದಲ ಎರಡು ಬಾರ್‌ಗಳಲ್ಲಿ 96ರಿಂದ 86ಕ್ಕೆ, ಉಳಿದೆರಡರಲ್ಲಿ 86ರಿಂದ 60ಕ್ಕೆ. 29ರ ಹೊಸ್ತಿಲಲ್ಲಿ 60 ಮತ್ತು 120 ಎರಡನ್ನೂ ಒಂದೇ ಜಾಗದಲ್ಲಿ ಇಡುವುದನ್ನು ಮರೆಯಬಾರದು. ಬರೀ 120 ಇಟ್ಟರೆ ಗೆರೆ 86ರಿಂದ ಮೇಲಕ್ಕೆ ಹತ್ತುತ್ತದೆ, ನಿಧಾನವಾಗಬೇಕಾದ ಹಾಡು ಬಸ್ ಹಿಡಿಯಲು ಓಡುವವರ ಹಾಗೆ ಓಡತೊಡಗುತ್ತದೆ.

ಗೆರೆ ಸರಿಯಾದರೂ ಕೆಲಸ ಮುಗಿಯಲಿಲ್ಲ. ಇಳಿಯುವ ವೇಗದಲ್ಲಿ ಪ್ರತಿ ಕ್ಲಿಕ್ಕೂ ಊಹೆಗಿಂತ ಸ್ವಲ್ಪ ತಡವಾಗಿ ಬರುತ್ತದೆ, ಎಲ್ಲರೂ ಸ್ವಲ್ಪ ಮುಂಚೆ ಬೀಳುತ್ತಾರೆ. ಇದಕ್ಕೆ ಮದ್ದು, ಈ ನಾಲ್ಕು ಬಾರ್‌ಗಳಲ್ಲಿ ಮಾತ್ರ ಅರ್ಧ ಬೀಟಿಗೂ ಒಂದು ಮೆಲ್ಲನೆಯ ಕ್ಲಿಕ್ ಹಾಕುವುದು. ಬೀಟಿನ ನಡುವೆಯೇ ಅಂತರ ಹಿಗ್ಗುತ್ತಿರುವುದು ಕೇಳಿಸುತ್ತದೆ, ಕೈ ತಾನಾಗಿ ಕಾಯುತ್ತದೆ.

ಈ ಹಾಡಿನಲ್ಲಿ ಅದರಿಂದ ಇನ್ನೊಂದು ಲಾಭವೂ ಇದೆ. 60ರಲ್ಲಿ ಅರ್ಧ ಬೀಟು 0.5 ಸೆಕೆಂಡ್. 120ರಲ್ಲಿ ಪೂರ್ತಿ ಬೀಟೂ ಅಷ್ಟೇ. ಅಂದರೆ ಹೊಸ ವೇಗ 28ನೇ ಬಾರಿನ ಕೊನೆಯ ಮೆಲ್ಲನೆಯ ಕ್ಲಿಕ್‌ಗಳಲ್ಲೇ ಹೆಚ್ಚುಕಡಿಮೆ ಕೇಳಿಸಿರುತ್ತದೆ. ಹಾಗಾಗಿ ಎಳೆದು ಹಿಡಿಯುವ ಸ್ವರವನ್ನು ಹಳೆಯ ವೇಗದಲ್ಲಿ ಅಳೆಯದೆ, 120ರ ಎರಡು ಬಾರ್ ಎಂದು ಬರೆಯುತ್ತೇನೆ, ಒಟ್ಟು ನಾಲ್ಕು ಸೆಕೆಂಡ್. 29ರಲ್ಲಿ ಕ್ಲಿಕ್ ಪೂರಾ ಬಂದ್, ಸ್ವರ ಆರಾಮಾಗಿ ಉಸಿರಾಡಲಿ. 30ರಲ್ಲಿ ನಾಲ್ಕು ಕ್ಲಿಕ್‌ನ ಎಣಿಕೆ. 31ಕ್ಕೆ ಎಲ್ಲರೂ ಒಳಗೆ. ಹಾಡು ಕಟ್ಟಿದವರು 120ರ ಬದಲು 132 ಕೇಳಿದ್ದರೆ ಈ ಪುಕ್ಕಟೆ ಲಾಭ ಇರುತ್ತಿರಲಿಲ್ಲ, ಆ ನಾಲ್ಕು ಕ್ಲಿಕ್‌ಗಳೇ ಎಲ್ಲ ಭಾರ ಹೊರಬೇಕಾಗುತ್ತಿತ್ತು.

ಅಂದಹಾಗೆ, ಕ್ಲಿಕ್ ಕೇಳುವವರೆಲ್ಲ ವೈರ್ ಇರುವ ಇಯರ್‌ಫೋನ್ ಹಾಕಿಕೊಳ್ಳಲಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ಎಷ್ಟು ತಡ ಎನ್ನುವುದು ಒಂದೊಂದು ಸಾಧನಕ್ಕೆ ಒಂದೊಂದು. ಇಬ್ಬರು ಬೇರೆ ಬೇರೆ ಹಾಕಿಕೊಂಡರೆ ಇಬ್ಬರೂ ಕ್ಲಿಕ್‌ಗೆ ಸರಿಯಾಗಿಯೇ ನುಡಿಸುತ್ತಾರೆ, ಪರಸ್ಪರ ಮಾತ್ರ ಸೇರುವುದಿಲ್ಲ. ಬೈಯಲು ಯಾರೂ ಸಿಗುವುದಿಲ್ಲ, ಅದೇ ಬೇಜಾರು.

ನಾಲ್ಕೈದು ರಿಹರ್ಸಲ್ ಆದ ಮೇಲೆ ಡ್ರಮ್ಮರ್ ಬಂದು, "ಆ ಇಳಿಯೋ ಜಾಗದಲ್ಲಿ ಕ್ಲಿಕ್ ತೆಗೀರಿ, ನಾವೇ ಇಳಿಸ್ತೀವಿ" ಎಂದು ಕೇಳುವುದು ಉಂಟು. ಹಾಡಿಗೆ ಮೊದಲೇ ರೆಕಾರ್ಡ್ ಮಾಡಿಟ್ಟ ಕೀಬೋರ್ಡ್ ಗೀಬೋರ್ಡ್ ಜೊತೆಗಿದ್ದರೆ ಇದು ಆಗದ ಮಾತು, ಅದು ಯಾರಿಗೂ ಕಾಯುವುದಿಲ್ಲ. ಇಲ್ಲವಾದರೆ ಕೇಳಿದ್ದು ನ್ಯಾಯವೇ. ನಾನು ಟ್ರ್ಯಾಕನ್ನು ಎರಡು ಫೈಲ್ ಮಾಡಿಬಿಡುತ್ತೇನೆ. ಮೊದಲನೆಯದು 24ಕ್ಕೆ ನಿಲ್ಲುತ್ತದೆ. ಎರಡನೆಯದು 30ನೇ ಬಾರಿನ ನಾಲ್ಕು ಕ್ಲಿಕ್‌ಗಳಿಂದ ಶುರು. ನಡುವೆ ಎಷ್ಟು ಎಳೆಯುತ್ತಾರೋ ಎಳೆಯಲಿ, ಸಾಕೆನಿಸಿದಾಗ ಡ್ರಮ್ಮರ್ ಪೆಡಲ್ ಒತ್ತಿ ಎರಡನೇ ಫೈಲ್ ಬಿಡುತ್ತಾರೆ. ಪೆಡಲ್ ಯಾರ ಕಾಲ ಕೆಳಗಿರಬೇಕು ಅನ್ನೋದಕ್ಕೆ ಆಮೇಲೆ ಬೇರೆ ಚರ್ಚೆ ನಡೆಯುತ್ತದೆ. ಹಾಡುವವರಿಗಂತೂ ಕೊಡಬೇಡಿ, ಆ ಸ್ವರ ಅವರಿಗೆ ಎಷ್ಟು ಎಳೆದರೂ ಸಾಲುವುದಿಲ್ಲ.