ಪೈಪುಗಳಲ್ಲಿ ಭೇದವಿಲ್ಲ

ಕಟ್ಟಡದ ನಕ್ಷೆಯಲ್ಲಿ ಪೈಪುಗಳನ್ನು ನೋಡಬೇಕು. ಕುಡಿಯುವ ನೀರಿಗೆ ನೀಲಿ ಗೆರೆ, ಕೊಳಚೆಯನ್ನು ಶುದ್ಧಮಾಡಿ ಫ್ಲಶ್‌ಗೆ ಬಿಡುವ ಸಂಸ್ಕರಿಸಿದ ನೀರಿಗೆ ನೇರಳೆ ಗೆರೆ, ಕೊಳಚೆಗೆ ಕಂದು ಗೆರೆ. ಯಾವ ಬಣ್ಣ ಯಾವುದಕ್ಕೆ ಅಂತ ಮೂಲೆಯಲ್ಲೊಂದು ಪಟ್ಟಿ ಬೇರೆ. ನಕ್ಷೆ ಮಂಜೂರಾಗುತ್ತದೆ, ಸುರುಳಿಯಾಗಿ ಕಪಾಟು ಸೇರುತ್ತದೆ, ಬಣ್ಣಗಳ ಕೆಲಸ ಅಲ್ಲಿಗೆ ಮುಗಿಯಿತು. ಕಟ್ಟುವ ಜಾಗಕ್ಕೆ ಬರುವುದು ಒಂದೇ ಲಾರಿ ತುಂಬ ಒಂದೇ ಥರದ ಬಿಳಿ ಪೈಪು. ಅಡುಗೆಮನೆಗೂ ಅದೇ, ಶೌಚದ ಫ್ಲಶ್‌ಗೂ ಅದೇ. ಇಷ್ಟು ಸಮಾನತೆ ಕಟ್ಟಡದಲ್ಲಿ ಬೇರೆಲ್ಲೂ ಸಿಗುವುದಿಲ್ಲ.

ಆಮೇಲೆ ನಿವಾಸಿಗಳ ಸಂಘದ ಸಭೆ. ಸಂಸ್ಕರಿಸಿದ ನೀರಿನ ಪೈಪಿಗೆ ನೇರಳೆ ಬಣ್ಣ ಹೊಡೆಯಬೇಕು ಅಂತ ಯಾರೋ ಒಬ್ಬರು ಏಳುತ್ತಾರೆ. ಅಂಥವರು ಪ್ರತಿ ಕಟ್ಟಡದಲ್ಲೂ ಒಬ್ಬರು ಇರುತ್ತಾರೆ, ಪಾಪ. 'ನೇರಳೆ ಗೋಡೆಗೆ ಒಪ್ಪಲ್ಲ' ಅನ್ನುತ್ತಾರೆ ಕಾರ್ಯದರ್ಶಿ. 'ಬಾಲ್ಕನಿಯಿಂದ ಕಣ್ಣಿಗೆ ಹೊಡೆಯುತ್ತೆ' ಅನ್ನುತ್ತಾರೆ ಖಜಾಂಚಿ. ಕೊನೆಗೆ ಎಲ್ಲ ಪೈಪುಗಳಿಗೂ ಕೆನೆ ಬಣ್ಣ ಅಂತ ಸರ್ವಾನುಮತದ ತೀರ್ಮಾನವಾಗುತ್ತದೆ. ಪೇಂಟರ್ ತುಂಬ ನಿಷ್ಠಾವಂತ. ಪೈಪಿನ ಮೇಲೆ ಮೊದಲೇ ಇದ್ದ ನಾಲ್ಕು ಸ್ಟಿಕ್ಕರುಗಳಿಗೂ, ವಾಲ್ವಿಗೆ ಕಟ್ಟಿದ್ದ ತಗಡಿನ ಚೀಟಿಗೂ ಎರಡು ಕೋಟು ಹೊಡೆದು ಹೋಗುತ್ತಾನೆ.

ಲೇಬಲ್ ಇಲ್ಲವೇ ಇಲ್ಲ ಅನ್ನುವ ಹಾಗೂ ಇಲ್ಲ. ಪಂಪ್ ರೂಮಿಗೆ ಹೋಗಿ ನೋಡಿ. ಬಾಗಿಲು ತೆಗೆದ ತಕ್ಷಣ ಎದುರಿಗೆ ಹೊಳೆಯುವ ಅಕ್ಷರದಲ್ಲಿ ಎಲ್ಲ ಇದೆ: ಹೆಸರು, ಬಾಣ, ಬಣ್ಣದ ಪಟ್ಟಿ. ತಪಾಸಣೆಗೆ ಬಂದವರು ನಿಂತು ಫೋಟೋ ತೆಗೆಯುವ ಜಾಗ ಅದು. ಅದೇ ಪೈಪು ಗೋಡೆ ದಾಟಿ ಡಕ್ಟ್ ಸೇರಿದ ಮೇಲೆ ಅನಾಥ. ಗೋಡೆಯ ಎರಡೂ ಬದಿಗೆ, ಪ್ರತಿ ವಾಲ್ವಿನ ಹತ್ತಿರ, ಕವಲು ಒಡೆಯುವಲ್ಲಿ, ತಿರುವಿನಲ್ಲಿ, ನೇರ ಓಟದಲ್ಲೂ ಅಲ್ಲಲ್ಲಿ ಹೆಸರು ಇರಬೇಕು ಅನ್ನುವುದು ಕ್ರಮ. ಯಾಕೆ ಅಂದರೆ ಮುಂದೊಂದು ದಿನ ಗರಗಸ ಬೀಳುವುದು ಆ ಜಾಗಗಳಲ್ಲೇ. ಪಂಪ್ ರೂಮಿನ ಬಾಗಿಲ ಎದುರು ಯಾರೂ ಪೈಪು ಕೊಯ್ಯುವುದಿಲ್ಲ. ಡಕ್ಟಿನೊಳಗೆ ಬೆನ್ನು ಬಾಗಿಸಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಕೊಯ್ಯುತ್ತಾರೆ.

ಇನ್ನು ಬಣ್ಣದ ಮೇಲಿನ ನಂಬಿಕೆಯ ಕಥೆ. ಬಣ್ಣ ಹೊಡೆದವರೂ ಎಲ್ಲ ಗೆದ್ದೆವು ಅಂತ ಬೀಗುವ ಹಾಗಿಲ್ಲ. ಅಮೆರಿಕದ ಎಎಸ್‌ಎಂಇ ಎ13.1 ಪದ್ಧತಿಯಲ್ಲಿ ಕುಡಿಯುವ ನೀರಿಗೂ ಹಸಿರು ಲೇಬಲ್, ಕೂಲಿಂಗ್ ನೀರಿಗೂ ಹಸಿರು, ಬಾಯ್ಲರಿಗೆ ಹೋಗುವ ನೀರಿಗೂ ಹಸಿರು. ಬೇರೆ ಮಾಡುವುದು ಅದರ ಮೇಲಿನ ಬಿಳಿ ಅಕ್ಷರ ಮಾತ್ರ. ಬ್ರಿಟನ್ನಿನ ಬಿಎಸ್ 1710 ಕೂಡ ನೀರಿಗೆ ಹಸಿರನ್ನೇ ಕೊಟ್ಟಿದೆ, ಕುಡಿಯುವುದಾದರೆ ನಡುವೆ ಒಂದು ನೀಲಿ ಪಟ್ಟಿ. ಕ್ಯಾಲಿಫೋರ್ನಿಯಾದಲ್ಲಿ 1993ರ ಜೂನ್ 1ರಿಂದ ಹಾಕುವ ಮರುಬಳಕೆ ನೀರಿನ ಪೈಪೆಲ್ಲ ನೇರಳೆ ಆಗಿರಬೇಕು, ಇಲ್ಲವೇ ನೇರಳೆ ಟೇಪ್ ಸುತ್ತಿರಬೇಕು ಅಂತ ಕಾನೂನೇ ಇದೆ. ಒಂದು ಊರಿನಲ್ಲಿ ಕೆಲಸ ಕಲಿತವನು ಇನ್ನೊಂದು ಊರಿನಲ್ಲಿ ಬಣ್ಣ ನೋಡಿ ಏನೋ ಅಂದುಕೊಂಡರೆ ತಪ್ಪು ಯಾರದು? ಸಾಲದ್ದಕ್ಕೆ, ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಪೈಪಿನ ಮೇಲೆ ಹೆಸರು ಬರೆದೇ ತೀರಬೇಕು. ನೀರು ಎತ್ತ ಹರಿಯುತ್ತದೆ ಅಂತ ಬಾಣವೂ ಬೇಕು. ಬಣ್ಣ ದೂರದಿಂದ ಹುಡುಕುವುದಕ್ಕೆ ಅಷ್ಟೇ.

ಆದರೆ ನಮಗೆ ಇದ್ಯಾವುದೂ ಬೇಕಿಲ್ಲ. ನಮಗೆ ಹಳೇ ಪ್ಲಂಬರ್ ಇದ್ದಾನಲ್ಲ! ಇಡೀ ಕಟ್ಟಡದ ಪೈಪಿನ ಲೆಕ್ಕ ಅವನ ತಲೆಯಲ್ಲಿದೆ. ಅವನು ಊರಿಗೆ ಹೋದರೆ ಲೆಕ್ಕವೂ ಅವನ ಜೊತೆ ಬಸ್ಸು ಹತ್ತುತ್ತದೆ. ಆಗ ಬರುವ ಹೊಸ ಹುಡುಗ ಸ್ಪ್ಯಾನರಿನಿಂದ ಪೈಪನ್ನು ಟಕ್ ಟಕ್ ಅಂತ ಬಡಿದು, ಕಿವಿಯಿಟ್ಟು, 'ಇದು ಕುಡಿಯೋ ನೀರು ಸಾರ್, ಸದ್ದಲ್ಲೇ ಗೊತ್ತಾಗುತ್ತೆ' ಅನ್ನುತ್ತಾನೆ. ಕಾರ್ಯದರ್ಶಿಗಳು ತಲೆಯಾಡಿಸುತ್ತಾರೆ.

ಹೀಗೇ ಒಂದು ಕಟ್ಟಡ ಅಂದುಕೊಳ್ಳೋಣ. ಆರನೇ ಮಹಡಿಯಲ್ಲಿ ಅಡುಗೆಮನೆ ನಲ್ಲಿಗೆ ಫೋರ್ಸ್ ಇಲ್ಲ ಅಂತ ದೂರು. ಹುಡುಗ ಡಕ್ಟಿನೊಳಗೆ ತೂರುತ್ತಾನೆ. ಎದುರಿಗೆ ಕೆನೆ ಬಣ್ಣದ ಎರಡು ಪೈಪು, ಒಂದೇ ದಪ್ಪ. ಪಕ್ಕದ ಪೈಪಿನಲ್ಲಿ ಫೋರ್ಸ್ ಚೆನ್ನಾಗಿದೆ. ಅದಕ್ಕೆ ಮೂರು ಬಾಯಿಯ ಟೀ ಅನ್ನುವ ಜೋಡಣೆ ಹಾಕಿ, ಒಂದು ತುಂಡು ಪೈಪಿನಿಂದ ಹಳೇ ಲೈನಿಗೆ ಜೋಡಿಸಿ, ಸಾಲ್ವೆಂಟ್ ಹಚ್ಚಿ ಬರುತ್ತಾನೆ. ಅರ್ಧ ಗಂಟೆಯ ಕೆಲಸ. ಆರನೇ ಮಹಡಿಯವರು ಅವನ ಕೈಚಳಕ ಹೊಗಳುತ್ತಾರೆ. ಪಕ್ಕದ ಪೈಪು ಫ್ಲಶ್‌ಗೆ ಹೋಗುವ ಸಂಸ್ಕರಿಸಿದ ನೀರಿನದು ಅನ್ನುವುದು ನಕ್ಷೆಗೆ ಗೊತ್ತು. ಅದು ಕಪಾಟಿನಲ್ಲಿ ಮಲಗಿದೆ.

ಈಗ ತಮಾಷೆ ನೋಡಿ. ಎರಡು ಲೈನು ಕೂಡಿದ ಮೇಲೆ ಯಾವ ಕಡೆ ಒತ್ತಡ ಜಾಸ್ತಿಯೋ ಆ ಕಡೆಯ ನೀರು ಇನ್ನೊಂದಕ್ಕೆ ನುಗ್ಗುತ್ತದೆ. ಮೇಲಿನ ಎರಡೂ ಟ್ಯಾಂಕು ತುಂಬಿದ್ದಾಗ ಅಷ್ಟೇನೂ ಇಲ್ಲ. ಬೆಳಗ್ಗೆ ಎಲ್ಲರೂ ಒಟ್ಟಿಗೆ ನಲ್ಲಿ ತೆಗೆದಾಗ ಕುಡಿಯುವ ಲೈನಿನ ಒತ್ತಡ ಇಳಿಯುತ್ತದೆ, ಫ್ಲಶ್ ನೀರು ಒಳಗೆ ಬರುತ್ತದೆ. ಅದಕ್ಕೇ ಐದನೇ ಮಹಡಿಯಿಂದ ಕೆಳಗಿನವರು ಬೆಳಗ್ಗೆ 'ನೀರು ಏನೋ ಒಂಥರಾ ವಾಸನೆ' ಅನ್ನುತ್ತಾರೆ. ಮಧ್ಯಾಹ್ನ ಮೂರಕ್ಕೆ ಸಂಘದವರು ಬಂದು ಲೋಟ ಎತ್ತಿ ಬೆಳಕಿಗೆ ಹಿಡಿದು 'ಚೆನ್ನಾಗಿಯೇ ಇದೆಯಲ್ಲ' ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಚೆನ್ನಾಗಿ ಸಂಸ್ಕರಿಸಿದ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ.

ಕೊನೆಗೆ ಸಭೆಯಲ್ಲಿ ಎದ್ದು ನಿಂತಿದ್ದ ಆ ಒಬ್ಬರೇ, ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಹಿಡಿದು ಬರುತ್ತಾರೆ. ನೀರನ್ನು ಮನೆಯಲ್ಲಿ ಒಮ್ಮೆ ಬಳಸಿದರೆ ಅದಕ್ಕೆ ಉಪ್ಪಿನಂಶ ಸೇರುತ್ತದೆ. ಸಾಮಾನ್ಯ ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕ, ಕೊಳೆ ತೆಗೆಯುತ್ತದೆ, ಈ ಉಪ್ಪನ್ನು ತೆಗೆಯುವುದಿಲ್ಲ. ಹಾಗಾಗಿ ಮೀಟರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಕುಡಿಯುವ ಟ್ಯಾಂಕಿನಲ್ಲಿ 200, ಫ್ಲಶ್ ಟ್ಯಾಂಕಿನಲ್ಲಿ 550, ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ಬೆಳಗ್ಗೆ ಏಳಕ್ಕೆ 410 ಬಂತು ಅನ್ನಿ. 200ರಿಂದ 550ಕ್ಕೆ ಅಂತರ 350, 200ರಿಂದ 410ಕ್ಕೆ 210. 350ರಲ್ಲಿ 210 ಅಂದರೆ ನೂರಕ್ಕೆ 60 ಭಾಗ. ಐದು ಲೋಟದಲ್ಲಿ ಮೂರು ಲೋಟ ಫ್ಲಶ್ ನೀರು. ಸಂಘದ ಅಧ್ಯಕ್ಷರು ಇದಕ್ಕೂ ಉತ್ತರ ಇಟ್ಟಿದ್ದಾರೆ: 'ಮೀಟರ್ ಚೈನಾದ್ದು ಇರಬೇಕು.' ಮೀಟರ್ ಹೇಳದ ಒಂದು ವಿಷಯ ನಿಜವಾಗಿಯೂ ಇದೆ. ಅದಕ್ಕೆ ರೋಗಾಣು ಕಾಣುವುದಿಲ್ಲ. ಅದಕ್ಕೆ ಲ್ಯಾಬಿಗೆ ಮಾದರಿ ಕಳಿಸಲೇಬೇಕು. ಮೂಲದ ನೀರೇ ದಿನದಿನಕ್ಕೆ ಬದಲಾಗುತ್ತಿದ್ದರೆ ಒಂದೇ ಹೊತ್ತಿಗೆ ಮೂರೂ ಕಡೆ ಅಳೆಯದೆ ಲೆಕ್ಕ ನಿಲ್ಲುವುದಿಲ್ಲ.

ಜೋಡಣೆ ಎಲ್ಲಿದೆ ಅಂತ ಹುಡುಕಲು ಬೇರೆ ಕ್ರಮವಿದೆ, ಸುಲಭವೂ ಹೌದು. ಕುಡಿಯುವ ಟ್ಯಾಂಕಿನ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿಯಿಂದ ಆ ಲೈನನ್ನು ಪೂರ್ತಿ ಖಾಲಿ ಮಾಡಬೇಕು. ಸಂಸ್ಕರಿಸಿದ ನೀರಿನ ಲೈನು ಚಾಲೂ ಇರಲಿ. ಕಡಿಮೆಯೆಂದರೂ ಒಂದು ಗಂಟೆ ಬಿಟ್ಟು, ಕುಡಿಯುವ ನೀರಿನ ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ತೆರೆಯಬೇಕು. ಯಾವುದರಲ್ಲೂ ನೀರು ಬರಬಾರದು. ಬಂದರೆ ಆಸುಪಾಸಿನಲ್ಲೇ ಎಲ್ಲೋ ಮದುವೆ ಆಗಿದೆ ಅಂತ ಅರ್ಥ. ಆಮೇಲೆ ಉಲ್ಟಾ ಮಾಡಬೇಕು: ಫ್ಲಶ್ ಲೈನು ಖಾಲಿ, ಕುಡಿಯುವ ಲೈನು ಚಾಲೂ, ಫ್ಲಶ್ ಟ್ಯಾಂಕುಗಳು ತುಂಬುತ್ತವೆಯೇ ನೋಡಬೇಕು. ಎರಡೂ ಕಡೆಯಿಂದ ಯಾಕೆ ಅಂದರೆ ನಡುವೆ ನೀರನ್ನು ಒಂದೇ ಕಡೆಗೆ ಬಿಡುವ ನಾನ್-ರಿಟರ್ನ್ ವಾಲ್ವ್ ಇದ್ದರೆ ಒಂದು ದಿಕ್ಕಿನಲ್ಲಿ ಮಾತ್ರ ಗುಟ್ಟು ಹೊರಬರುತ್ತದೆ. ಕಟ್ಟಡ ಬಿಟ್ಟುಕೊಡುವ ಮೊದಲು ಮಾಡಬೇಕಾದ ಪರೀಕ್ಷೆ ಇದು, ಡಕ್ಟಿನೊಳಗೆ ದೊಡ್ಡ ರಿಪೇರಿಯಾದಾಗಲೂ. ನಮ್ಮ ಸಂಘಗಳು ಇದನ್ನು 'ನಿವಾಸಿಗಳಿಗೆ ತೊಂದರೆ' ಅಂತ ಮುಂದೂಡುತ್ತವೆ. ಒಂದು ಗಂಟೆ ನಲ್ಲಿ ಬಂದ್ ಆದರೆ ಎಷ್ಟು ತೊಂದರೆ ಅಲ್ವಾ!

ಇಷ್ಟಕ್ಕೆಲ್ಲ ರಂಪ ಯಾಕೆ ಅನ್ನುವವರಿಗೆ ಫಿನ್‌ಲ್ಯಾಂಡಿನ ನೋಕಿಯಾ ಊರು ಇದೆ. ಫೋನಿಗೆ ಹೆಸರು ಕೊಟ್ಟ ಊರೇ. 2007ರ ನವೆಂಬರಿನಲ್ಲಿ ಅಲ್ಲಿಯ ಕೊಳಚೆ ಶುದ್ಧೀಕರಣ ಘಟಕದಲ್ಲಿ ದುರಸ್ತಿ ನಡೆದಿತ್ತು. ಸಂಸ್ಕರಿಸಿದ ಕೊಳಚೆ ನೀರಿನ ಲೈನಿಗೂ ಕುಡಿಯುವ ನೀರಿನ ಲೈನಿಗೂ ನಡುವೆ ಒಂದು ವಾಲ್ವ್ ಇತ್ತು. ಇರಲೇಬಾರದಿತ್ತು. ಅದು ತೆರೆದೇ ಉಳಿಯಿತು. ಎರಡು ದಿನದೊಳಗೆ ಸುಮಾರು 4.5 ಲಕ್ಷ ಲೀಟರ್ ಊರಿನ ನಲ್ಲಿಗಳ ಪಾಲಾಯಿತು. ಕಾಯಿಲೆ ಬಿದ್ದವರು ಎಂಟು ಸಾವಿರಕ್ಕೂ ಹೆಚ್ಚು. ನೀರನ್ನು ಕುದಿಸಿ ಕುಡಿಯಬೇಕು ಅನ್ನುವ ಸೂಚನೆ ತಿಂಗಳುಗಟ್ಟಲೆ ಇತ್ತು. ಅವರೂ ನಮ್ಮ ಹಾಗೆ ನಲ್ಲಿ ತೆಗೆದು ಲೋಟ ಹಿಡಿದವರೇ.

ಕೊಳಚೆ ಪೈಪಿನ ಬಗ್ಗೆ ಮಾತ್ರ ಎಲ್ಲರಿಗೂ ಧೈರ್ಯ. ಅದು ದಪ್ಪ ಇರುತ್ತದೆ, ಒತ್ತಡ ಇಲ್ಲ, ಯಾರೂ ಮೋಸ ಹೋಗುವುದಿಲ್ಲ ಅಂತ. ಮಳೆ ನೀರಿನ ಪೈಪೂ ಅಷ್ಟೇ ದಪ್ಪ, ಅದೇ ಬಣ್ಣ. ವಾಷಿಂಗ್ ಮೆಷಿನ್ ಹೊಸದಾಗಿ ಬಂದ ಮನೆಗೆ ಹತ್ತಿರದ ದಪ್ಪ ಪೈಪು ಯಾವುದೋ ಅದಕ್ಕೇ ಅದರ ನೀರು ಸೇರಿಸುತ್ತಾರೆ. ಆ ಮಳೆ ಪೈಪು ನೇರ ಸಂಪಿಗೆ ಹೋಗುತ್ತದೆ. ಮೋಡವಿಲ್ಲದ ದಿನ ಸಂಪಿನಲ್ಲಿ ನೊರೆ ಕಂಡರೆ ಜನ ಪ್ರಕೃತಿ ವಿಚಿತ್ರ ಅನ್ನುತ್ತಾರೆ.

ಇಷ್ಟೆಲ್ಲ ಆದ ಮೇಲೆ ಆರನೇ ಮಹಡಿಯ ಟೀ ತೆಗೆಸಿದರು, ಲೈನು ಕ್ಲೋರಿನ್ ಹಾಕಿ ತೊಳೆಸಿದರು, ಪೈಪಿಗೆಲ್ಲ ಲೇಬಲ್ ಹಚ್ಚಲು ಸಭೆ ಕೊನೆಗೂ ಒಪ್ಪಿತು. ಕಾರ್ಯದರ್ಶಿ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವನು ಹೆಸರು ಮತ್ತು ಬಾಣ ಎರಡೂ ಇರುವ ಸ್ಟಿಕ್ಕರಿನ ದರ ಹೇಳಿದ. ಕಾರ್ಯದರ್ಶಿ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: 'ಬಾಣ ಇಲ್ಲದ್ದು ಕಮ್ಮಿಗೆ ಸಿಗುತ್ತಾ? ನೀರು ಯಾವ ಕಡೆ ಹೋಗುತ್ತೆ ಅನ್ನೋದನ್ನ ನಾವು ಮುಂದಿನ ಸಭೆಯಲ್ಲಿ ತೀರ್ಮಾನ ಮಾಡ್ತೀವಿ.'